ಬೆಂಗಳೂರಿನಲ್ಲಿ ಮಧ್ಯಾಹ್ನ ಯಾವಾಗ?

2023ರ ಏಪ್ರಿಲ್ 25ರಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ ಜನ ಸೇರಿದ್ದು ನೆರಳು ಕಾಣೆಯಾಗುವುದನ್ನು ನೋಡಲಿಕ್ಕೆ. ನೆಟ್ಟಗೆ ನಿಲ್ಲಿಸಿದ ಕೋಲು, ಬಾಟಲಿ, ಪೈಪು ಎಲ್ಲದರ ನೆರಳೂ ಕುಗ್ಗುತ್ತ ಬಂದು ಅದರದರ ಬುಡದಲ್ಲೇ ಅಡಗಿತು. ಸೂರ್ಯ ನೆತ್ತಿಯ ಮೇಲೆ ಬಂದಿದ್ದ. ಆಗ ಗಡಿಯಾರದಲ್ಲಿ 12 ಗಂಟೆ 17 ನಿಮಿಷ. ಅದೇ ವರ್ಷದ ಆಗಸ್ಟ್ 18ರಂದು ಅದೇ ಊರಿನಲ್ಲಿ ಅದೇ ಆಟ ಮತ್ತೊಮ್ಮೆ ನಡೆಯಿತು. ಈ ಬಾರಿ ನೆರಳು ಮಾಯವಾದದ್ದು 12 ಗಂಟೆ 24 ನಿಮಿಷಕ್ಕೆ.

ಶೂನ್ಯ ನೆರಳಿನ ದಿನದ ಸುದ್ದಿ ಈಗ ಪತ್ರಿಕೆಗಳಲ್ಲಿ ವರ್ಷಕ್ಕೆರಡು ಸಲ ಬರುತ್ತದೆ. ಸುದ್ದಿಯಲ್ಲಿರುವ ಗಂಟೆ ನಿಮಿಷಗಳನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನಕ್ಕೆ ತಾನೆ? ಹಾಗಿದ್ದರೆ 12 ಗಂಟೆಗೆ ಏಕಲ್ಲ? ಹೋಗಲಿ, ಹದಿನೇಳು ನಿಮಿಷ ತಡವೇ ಆಗಲಿ. ಅದೇ ಊರು, ಅದೇ ಸೂರ್ಯ, ಆಕಾಶದಲ್ಲಿ ಅದೇ ಜಾಗ. ಏಪ್ರಿಲ್‌ಗೂ ಆಗಸ್ಟ್‌ಗೂ ನಡುವೆ ಏಳು ನಿಮಿಷ ಎಲ್ಲಿಂದ ಬಂತು?

ಈ ಎರಡು ಪ್ರಶ್ನೆಗಳ ಒಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಸೂರ್ಯ ಎಷ್ಟು ಎತ್ತರಕ್ಕೆ ಏರುತ್ತಾನೆ ಎಂಬುದು ಒಂದು. ಗಡಿಯಾರ ಯಾವ ಊರಿನ ಸಮಯವನ್ನು ತೋರಿಸುತ್ತದೆ ಎಂಬುದು ಇನ್ನೊಂದು. ಮೂರನೆಯದು, ಸೂರ್ಯನೇ ಸಮಯ ಪಾಲಿಸುತ್ತಾನೋ ಇಲ್ಲವೋ ಎಂಬುದು. ಮೊದಲಿನದು ಶಾಲೆಯ ಪಾಠದಲ್ಲಿ ಬಂದುಹೋಗಿರುತ್ತದೆ. ಕೊನೆಯದು ಹೆಚ್ಚಿನವರ ಕಿವಿಗೆ ಬಿದ್ದೇ ಇರುವುದಿಲ್ಲ.

ಎತ್ತರದ ಮಾತನ್ನು ಮೊದಲು ಮುಗಿಸೋಣ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ಓರೆಯಾಗಿದೆ. ಆದ್ದರಿಂದ ವರ್ಷವಿಡೀ ಸೂರ್ಯ ಭೂಮಧ್ಯರೇಖೆಯ ನೇರಕ್ಕೆ ನಿಲ್ಲದೆ ಜೂನ್ 21ರ ಹೊತ್ತಿಗೆ ಅಷ್ಟು ಡಿಗ್ರಿ ಉತ್ತರಕ್ಕೂ ಡಿಸೆಂಬರ್ 21ರ ಹೊತ್ತಿಗೆ ಅಷ್ಟೇ ಡಿಗ್ರಿ ದಕ್ಷಿಣಕ್ಕೂ ಸರಿದಂತೆ ಕಾಣುತ್ತಾನೆ. ಭೂಮಧ್ಯರೇಖೆಯಿಂದ ಅವನು ಹೀಗೆ ಸರಿದ ದೂರವನ್ನು ಪಂಚಾಂಗದವರು ಕ್ರಾಂತಿ ಎನ್ನುತ್ತಾರೆ. ಒಂದು ಊರಿನ ಅಕ್ಷಾಂಶವೂ ಸೂರ್ಯನ ಕ್ರಾಂತಿಯೂ ಒಂದೇ ಆದ ದಿನ ಅಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಕೂದಲೆಳೆ ಕಡಿಮೆ. ಉತ್ತರಕ್ಕೆ ಹೋಗುವ ಸೂರ್ಯ ಏಪ್ರಿಲ್ 24, 25ರ ಹೊತ್ತಿಗೆ ಅಲ್ಲಿಗೆ ತಲುಪುತ್ತಾನೆ, ಹಿಂತಿರುಗುವಾಗ ಆಗಸ್ಟ್ 18ರ ಹೊತ್ತಿಗೆ ಮತ್ತೆ ಅದೇ ದಾರಿಯಲ್ಲಿ ಹಾಯುತ್ತಾನೆ. ಮೈಸೂರು ಕೊಂಚ ದಕ್ಷಿಣಕ್ಕಿರುವುದರಿಂದ ಅಲ್ಲಿ ಏಪ್ರಿಲ್ 22ರ ಸುಮಾರಿಗೇ ನೆರಳು ಮಾಯ. ಬೀದರದವರು ಮೇ 11ರ ತನಕ ಕಾಯಬೇಕು, ಅವರ ಎರಡನೆಯ ಸರದಿ ಆಗಸ್ಟ್ 1ರ ಆಸುಪಾಸಿಗೇ ಬಂದುಬಿಡುತ್ತದೆ. ದೆಹಲಿ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಆಚೆಗಿರುವ ಊರು. ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ.

ಈ ಲೆಕ್ಕದಲ್ಲಿ ಹಲವರಿಗೆ ಅಚ್ಚರಿಯಾಗುವ ಒಂದು ಅಂಶವಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ಅಂದರೆ ವರ್ಷದಲ್ಲಿ ಹೆಚ್ಚುಕಡಿಮೆ ನಾಲ್ಕು ತಿಂಗಳು, ಬೆಂಗಳೂರಿನ ಮಧ್ಯಾಹ್ನದ ಸೂರ್ಯ ಇರುವುದು ನೆತ್ತಿಯಿಂದ ಉತ್ತರಕ್ಕೆ. ಜೂನ್ 21ರಂದು ಒಂದು ಮೀಟರಿನ ಕೋಲಿನ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ 18 ಸೆಂಟಿಮೀಟರ್ ಬೀಳುತ್ತದೆ. ಡಿಸೆಂಬರ್ 21ರಂದು ಅದೇ ಕೋಲಿನ ನೆರಳು ಉತ್ತರಕ್ಕೆ 74 ಸೆಂಟಿಮೀಟರ್. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲವೆಂದು ನಂಬಿ ಮನೆ ಕಟ್ಟಿಸಿದವರು ಜೂನ್ ತಿಂಗಳಲ್ಲಿ, ಮೋಡ ಇಲ್ಲದ ದಿನ, ಒಮ್ಮೆ ಆ ಕಿಟಕಿಯ ಹತ್ತಿರ ನಿಂತು ನೋಡಬಹುದು.

ಸೂರ್ಯ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನವಾದರೂ ಮಧ್ಯಾಹ್ನ ಮಾತ್ರ ಪ್ರತಿದಿನವೂ ಉಂಟು. ಆಕಾಶದಲ್ಲಿ ಉತ್ತರದಿಂದ ದಕ್ಷಿಣಕ್ಕೆ, ನಮ್ಮ ನೆತ್ತಿಯ ಮೇಲೆ ಹಾದುಹೋಗುವಂತೆ ಒಂದು ಗೆರೆ ಎಳೆದುಕೊಂಡರೆ ಅದು ಆ ಊರಿನ ಮಧ್ಯಾಹ್ನ ರೇಖೆ. ಸೂರ್ಯ ಎಷ್ಟೇ ಕೆಳಗಿರಲಿ, ಈ ಗೆರೆಯನ್ನು ದಾಟುವ ಕ್ಷಣವೇ ನಿಜವಾದ ಮಧ್ಯಾಹ್ನ. ಆ ದಿನದ ನೆರಳು ಅತಿ ಚಿಕ್ಕದಾಗುವುದೂ ಸರಿಯಾಗಿ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡುವುದೂ ಆಗಲೇ. ಹೀಗೆ ಸೂರ್ಯನನ್ನೇ ನೋಡಿ ಹೇಳುವ ಸಮಯಕ್ಕೆ ಸ್ಪಷ್ಟ ಸೌರಕಾಲ ಎಂದು ಹೆಸರು. ನೆರಳು ಗಡಿಯಾರಗಳು ತೋರಿಸುವುದು ಇದನ್ನೇ.

ಕೈಗಡಿಯಾರ ತೋರಿಸುವುದು ಇದನ್ನಲ್ಲ. ಭಾರತದ ಎಲ್ಲ ಗಡಿಯಾರಗಳೂ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ಹೇಳುತ್ತವೆ. ಆ ರೇಖೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. 1906ರ ಜನವರಿ 1ರಿಂದ ಈ ಏರ್ಪಾಡು ಜಾರಿಗೆ ಬಂತು. ಅದಕ್ಕೆ ಮುಂಚೆ ಮದರಾಸಿಗೆ, ಮುಂಬಯಿಗೆ, ಕಲಕತ್ತೆಗೆ ಒಂದೊಂದು ಸಮಯವಿತ್ತು, ರೈಲ್ವೆಯವರು ಮದರಾಸಿನ ಸಮಯವನ್ನು ಹಿಡಿದಿದ್ದರು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಬೆಂಗಳೂರು 77.6 ಡಿಗ್ರಿಯಲ್ಲಿದೆ, ಅಂದರೆ ಮಿರ್ಜಾಪುರದ ರೇಖೆಗಿಂತ 4.9 ಡಿಗ್ರಿ ಪಶ್ಚಿಮಕ್ಕೆ. ಅದನ್ನು ನಾಲ್ಕರಿಂದ ಗುಣಿಸಿದರೆ ಹತ್ತೊಂಬತ್ತೂವರೆ ನಿಮಿಷಕ್ಕೆ ತುಸು ಹೆಚ್ಚು. ಕಾರವಾರಕ್ಕೆ ಇದೇ ಲೆಕ್ಕ ಮಾಡಿದರೆ ಮೂವತ್ತಮೂರೂವರೆ ನಿಮಿಷ, ಮಂಗಳೂರಿಗೆ ಮೂವತ್ತೂವರೆ. ಇದು ಆಯಾ ಊರಿಗೆ ಕಾಯಂ ಆದ ವ್ಯತ್ಯಾಸ. ಜನವರಿಯಾದರೂ ಜುಲೈಯಾದರೂ ಬದಲಾಗುವುದಿಲ್ಲ.

ಹಾಗಾದರೆ ಬೆಂಗಳೂರಿನಲ್ಲಿ ದಿನವೂ 12 ಗಂಟೆ 19 ನಿಮಿಷ 36 ಸೆಕೆಂಡಿಗೆ ಸೂರ್ಯ ಮಧ್ಯಾಹ್ನ ರೇಖೆ ದಾಟಬೇಕಾಗಿತ್ತು. ಏಪ್ರಿಲ್ 25ರಂದು ಅವನು ಎರಡು ನಿಮಿಷ ಮೊದಲೇ ಬಂದಿದ್ದ. ಆಗಸ್ಟ್ 18ರಂದು ಸುಮಾರು ನಾಲ್ಕು ನಿಮಿಷ ತಡ ಮಾಡಿದ. ಇವೆರಡೂ ಸಣ್ಣ ಏರುಪೇರುಗಳು. ಫೆಬ್ರುವರಿ 11ರ ಹೊತ್ತಿಗೆ ನೋಡಿದರೆ ಸೂರ್ಯ ಹದಿನಾಲ್ಕು ನಿಮಿಷಕ್ಕೂ ಹೆಚ್ಚು ತಡ, ಬೆಂಗಳೂರಿನ ಮಧ್ಯಾಹ್ನ ಆಗುವುದು 12 ಗಂಟೆ 34 ನಿಮಿಷಕ್ಕೆ. ನವೆಂಬರ್ 3ರ ಹೊತ್ತಿಗೆ ಹದಿನಾರೂವರೆ ನಿಮಿಷದಷ್ಟು ಬೇಗ, 12 ಗಂಟೆ 3 ನಿಮಿಷಕ್ಕೇ ಮಧ್ಯಾಹ್ನ. ಒಂದೇ ಊರಿನ ಮಧ್ಯಾಹ್ನ ವರ್ಷದೊಳಗೆ ಅರ್ಧ ಗಂಟೆ ಅತ್ತಿತ್ತ ಓಲಾಡುತ್ತದೆ. ಗಡಿಯಾರಕ್ಕೂ ಸೂರ್ಯನಿಗೂ ಇರುವ ಈ ದಿನದಿನದ ವ್ಯತ್ಯಾಸವನ್ನು ಖಗೋಳ ವಿಜ್ಞಾನಿಗಳು ಕಾಲ ಸಮೀಕರಣ ಎನ್ನುತ್ತಾರೆ. ಇದು ಬೆಂಗಳೂರಿನ ವಿಶೇಷವೇನಲ್ಲ. ಭೂಮಿಯ ಮೇಲಿನ ಎಲ್ಲ ಊರಿಗೂ ಅದೇ ದಿನ ಅಷ್ಟೇ ನಿಮಿಷ.

ಕಾರಣ ತಿಳಿಯಬೇಕಾದರೆ ದಿನ ಅಂದರೇನು ಎಂಬಲ್ಲಿಂದ ಹಿಡಿಯಬೇಕು. ಭೂಮಿ ತನ್ನ ಸುತ್ತ ಒಂದು ಸುತ್ತು ತಿರುಗಲು 24 ಗಂಟೆ ತೆಗೆದುಕೊಳ್ಳುವುದಿಲ್ಲ, 23 ಗಂಟೆ 56 ನಿಮಿಷ 4 ಸೆಕೆಂಡ್ ಸಾಕು. ನಕ್ಷತ್ರಗಳು ದಿನವೂ ನಾಲ್ಕು ನಿಮಿಷ ಮೊದಲೇ ಹುಟ್ಟುವುದು ಇದರಿಂದಲೇ. ಆದರೆ ಆ ಒಂದು ಸುತ್ತು ಮುಗಿಯುವಷ್ಟರಲ್ಲಿ ಭೂಮಿ ತನ್ನ ಕಕ್ಷೆಯಲ್ಲಿ ಸುಮಾರು ಒಂದು ಡಿಗ್ರಿ ಮುಂದೆ ಹೋಗಿರುತ್ತದೆ. ಇಲ್ಲಿಂದ ನೋಡುವ ನಮಗೆ ಸೂರ್ಯ ನಕ್ಷತ್ರಗಳ ನಡುವೆ ಒಂದು ಡಿಗ್ರಿ ಪೂರ್ವಕ್ಕೆ ಜಾರಿದಂತೆ ಕಾಣುತ್ತದೆ. ಆ ಡಿಗ್ರಿಯನ್ನು ತುಂಬಿಕೊಳ್ಳಲು ಭೂಮಿ ಇನ್ನೂ ಸುಮಾರು ನಾಲ್ಕು ನಿಮಿಷ ತಿರುಗಬೇಕು. ಹಾಗೆ ಸೇರಿಸಿಕೊಂಡಾಗ ಒಂದು ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನಕ್ಕೆ 24 ಗಂಟೆ.

ಗಂಟು ಇರುವುದು ಈ ನಾಲ್ಕು ನಿಮಿಷದಲ್ಲಿ. ಸೂರ್ಯ ದಿನವೂ ಪೂರ್ವಕ್ಕೆ ಒಂದೇ ಅಳತೆ ಜಾರಿದರೆ ಎಲ್ಲ ದಿನಗಳೂ ಸಮ. ಆದರೆ ಆ ಜಾರುವಿಕೆ ದಿನದಿಂದ ದಿನಕ್ಕೆ ಬೇರೆ. ಅದಕ್ಕೆ ಎರಡು ಕಾರಣಗಳಿವೆ, ಒಂದಕ್ಕೊಂದು ಸಂಬಂಧವಿಲ್ಲ.

ಮೊದಲನೆಯದು ಕಕ್ಷೆಯ ಆಕಾರ. ಭೂಮಿಯ ದಾರಿ ಪೂರ್ತಿ ವೃತ್ತವಲ್ಲ, ತುಸು ಒತ್ತಿದ ದೀರ್ಘವೃತ್ತ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ, 14.7 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಜುಲೈ ಮೊದಲ ವಾರದಲ್ಲಿ 15.2 ಕೋಟಿ ಕಿಲೋಮೀಟರ್. ಹತ್ತಿರವಿದ್ದಾಗ ಓಟ ಜೋರು, ದೂರವಾದಾಗ ನಿಧಾನ. ಆದ್ದರಿಂದ ಜನವರಿಯಲ್ಲಿ ಸೂರ್ಯ ಪೂರ್ವಕ್ಕೆ ಜಾರುವ ಅಳತೆ ಸರಾಸರಿಗಿಂತ ಹೆಚ್ಚು, ದಿನ ಸುಮಾರು ಎಂಟು ಸೆಕೆಂಡ್ ಉದ್ದ. ಜುಲೈಯಲ್ಲಿ ಅಷ್ಟೇ ಗಿಡ್ಡ.

ಎರಡನೆಯದು ಮತ್ತೆ ಅದೇ 23.4 ಡಿಗ್ರಿಯ ಓರೆ. ನೆರಳಿನ ಉದ್ದವನ್ನು ಬದಲಾಯಿಸುವ ಆ ಓರೆಯೇ ಮಧ್ಯಾಹ್ನದ ಗಳಿಗೆಯನ್ನೂ ಬದಲಾಯಿಸುತ್ತದೆ ಎಂಬುದು ಚಟ್ಟನೆ ಹೊಳೆಯುವ ವಿಷಯವಲ್ಲ. ಸಮಯಕ್ಕೆ ಲೆಕ್ಕವಾಗುವುದು ಸೂರ್ಯ ಪೂರ್ವದ ಕಡೆಗೆ ಸರಿದದ್ದು ಮಾತ್ರ. ಉತ್ತರಕ್ಕೋ ದಕ್ಷಿಣಕ್ಕೋ ಸರಿದದ್ದು ನೆರಳನ್ನು ಉದ್ದ ಗಿಡ್ಡ ಮಾಡೀತು, ಮಧ್ಯಾಹ್ನವನ್ನು ಹಿಂದೆ ಮುಂದೆ ಮಾಡಲಾರದು. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ವಿಷುವದ ಹೊತ್ತಿಗೆ ಸೂರ್ಯ ಭೂಮಧ್ಯರೇಖೆಯನ್ನು ಓರೆಯಾಗಿ ದಾಟುತ್ತಿರುತ್ತಾನೆ. ಅವನ ದಿನದ ನಡಿಗೆಯಲ್ಲಿ ಒಂದಷ್ಟು ಪಾಲು ಉತ್ತರ ದಕ್ಷಿಣಕ್ಕೆ ಖರ್ಚಾಗಿ ಪೂರ್ವಕ್ಕೆ ಉಳಿಯುವುದು ಕಡಿಮೆ. ದಿನ ಇಪ್ಪತ್ತು ಸೆಕೆಂಡಿನಷ್ಟು ಗಿಡ್ಡವಾಗುತ್ತದೆ. ಜೂನ್ ಮತ್ತು ಡಿಸೆಂಬರ್ ತಿಂಗಳಲ್ಲಿ ಇದು ತಿರುಗುಮುರುಗು. ಆಗ ಸೂರ್ಯನ ನಡಿಗೆ ಪೂರಾ ಪೂರ್ವಕ್ಕೇ. ಸಾಲದ್ದಕ್ಕೆ ಅವನು ಭೂಮಧ್ಯರೇಖೆಯಿಂದ ದೂರ ಇರುತ್ತಾನೆ. ಸಿಪ್ಪೆ ಸುಲಿದ ಕಿತ್ತಳೆಯ ತೊಳೆ ನಡುವಿನಲ್ಲಿ ಅಗಲವಾಗಿದ್ದು ತುದಿಗೆ ಹೋದಂತೆ ಕಿರಿದಾಗುತ್ತದಲ್ಲ, ಆಕಾಶದ ರೇಖಾಂಶಗಳೂ ಹಾಗೆಯೇ ಧ್ರುವದ ಕಡೆಗೆ ಹೋದಷ್ಟೂ ಹತ್ತಿರವಾಗುತ್ತವೆ. ಅಷ್ಟೇ ದೂರ ನಡೆದರೂ ಅಲ್ಲಿ ಹೆಚ್ಚು ರೇಖೆಗಳನ್ನು ದಾಟಿದಂತಾಗುತ್ತದೆ. ದಿನ ಇಪ್ಪತ್ತು ಸೆಕೆಂಡಿನಷ್ಟು ಉದ್ದವಾಗುತ್ತದೆ.

ಈ ಎರಡು ಕಾರಣಗಳೂ ಕೂಡಿಕೊಳ್ಳುವುದು ಡಿಸೆಂಬರ್ ಕೊನೆಗೆ. ಆಗ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ 24 ಗಂಟೆ 30 ಸೆಕೆಂಡ್, ವರ್ಷದ ಅತಿ ಉದ್ದದ ದಿನ. ಇಲ್ಲಿ ಉದ್ದ ಅಂದರೆ ಹಗಲಿನ ಉದ್ದವಲ್ಲ, ಹಗಲು ರಾತ್ರಿ ಸೇರಿದ್ದು. ಹಗಲು ಅತಿ ಗಿಡ್ಡವಾದ ಕಾಲದಲ್ಲೇ ದಿನ ಅತಿ ಉದ್ದವಾಗಿರುವುದು ತಮಾಷೆಯೇ ಸರಿ. ಅತಿ ಗಿಡ್ಡ ದಿನ ಸೆಪ್ಟೆಂಬರ್ ಮಧ್ಯದಲ್ಲಿ ಬರುತ್ತದೆ, 24 ಗಂಟೆಗೆ ಸುಮಾರು 21 ಸೆಕೆಂಡ್ ಕಡಿಮೆ. ಮೂವತ್ತು ಸೆಕೆಂಡ್ ಏನು ಮಹಾ ಎನಿಸಬಹುದು. ಆದರೆ ಅದು ಒಂದು ದಿನದ ಮಾತಲ್ಲ. ನವೆಂಬರ್ ಮೊದಲ ವಾರದಿಂದ ಫೆಬ್ರುವರಿ ಎರಡನೇ ವಾರದ ತನಕ ಪ್ರತಿದಿನವೂ ಸೂರ್ಯ ಹಿಂದಿನ ದಿನಕ್ಕಿಂತ ಕೆಲವು ಸೆಕೆಂಡ್ ತಡವಾಗಿ ಮಧ್ಯಾಹ್ನ ರೇಖೆಗೆ ಬರುತ್ತಾನೆ. ನೂರು ದಿನದಲ್ಲಿ ಅದೆಲ್ಲ ಕೂಡಿ ಅರ್ಧ ಗಂಟೆ.

ಇಂಥ ಸೂರ್ಯನ ಹಿಂದೆ ಗಡಿಯಾರ ಓಡಲಾರದು. ಆದ್ದರಿಂದ ಖಗೋಳ ವಿಜ್ಞಾನಿಗಳು ಲೆಕ್ಕಕ್ಕೊಂದು ಸೂರ್ಯನನ್ನು ಕಲ್ಪಿಸಿಕೊಂಡರು. ಅವನು ಭೂಮಧ್ಯರೇಖೆಯ ಮೇಲೆಯೇ, ದಿನವೂ ಒಂದೇ ವೇಗದಲ್ಲಿ ನಡೆದು, ನಿಜವಾದ ಸೂರ್ಯನ ಜೊತೆಯಲ್ಲೇ ವರ್ಷದ ಸುತ್ತು ಮುಗಿಸುತ್ತಾನೆ. ಅವನು ಹೇಳುವ ಸಮಯ ಮಧ್ಯಮ ಸೌರಕಾಲ. ನಮ್ಮ ಕೈಗಡಿಯಾರ, ರೈಲಿನ ವೇಳಾಪಟ್ಟಿ, ಕಚೇರಿಯ ಹಾಜರಿ ಎಲ್ಲ ನಡೆಯುವುದು ಯಾರ ಕಣ್ಣಿಗೂ ಕಾಣದ ಈ ಸೂರ್ಯನ ಲೆಕ್ಕದಲ್ಲಿ. ನಿಜವಾದ ಸೂರ್ಯ ಅವನ ಜೊತೆಗೆ ಕೂಡಿಕೊಳ್ಳುವುದು ವರ್ಷಕ್ಕೆ ನಾಲ್ಕೇ ಸಲ: ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1 ಮತ್ತು ಡಿಸೆಂಬರ್ 25ರ ಸುಮಾರಿಗೆ.

ಈ ಎರಡು ಸೂರ್ಯರ ವ್ಯತ್ಯಾಸ ಭಾರತೀಯ ಜ್ಯೋತಿಷಿಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು. ಗ್ರಹಗಳ ಸ್ಥಾನವನ್ನು ಅವರು ಮೊದಲು ಮಧ್ಯಮ ಸೂರ್ಯನ ಲೆಕ್ಕದಲ್ಲಿ ಗುಣಿಸಿ, ಆಮೇಲೆ ನಿಜ ಸೂರ್ಯನಿಗೆ ತಿದ್ದುತ್ತಿದ್ದರು. ಸೂರ್ಯನ ವೇಗದ ಏರಿಳಿತಕ್ಕಾಗಿ ಮಾಡುವ ತಿದ್ದುಪಡಿ ಭುಜಾಂತರ. ದಾರಿ ಓರೆಯಾಗಿರುವುದಕ್ಕಾಗಿ ಮಾಡುವುದು ಉದಯಾಂತರ. ಭುಜಾಂತರ ಮೊದಲಿನಿಂದಲೂ ಬಳಕೆಯಲ್ಲಿತ್ತು. ಉದಯಾಂತರವನ್ನು ಬಿಡಿಸಿ ಹೇಳಿದವನು 11ನೇ ಶತಮಾನದ ಶ್ರೀಪತಿ, ಅದನ್ನು ವಿವರವಾಗಿ ಚರ್ಚಿಸಿದವನು 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದ ಎರಡನೆಯ ಭಾಸ್ಕರ. ಊರಿನ ರೇಖಾಂಶಕ್ಕಾಗಿ ಮಾಡುವ ದೇಶಾಂತರ ಸಂಸ್ಕಾರವೂ ಇತ್ತು. ಏಪ್ರಿಲ್‌ನ 12:17 ಮತ್ತು ಆಗಸ್ಟ್‌ನ 12:24ರ ಒಗಟನ್ನು ಅವರ ಮುಂದಿಟ್ಟಿದ್ದರೆ ಈ ಮೂರೂ ಸಂಸ್ಕಾರಗಳನ್ನು ಒಂದೊಂದಾಗಿ ಹಾಕಿ ಉತ್ತರ ಹೇಳುತ್ತಿದ್ದರು.

ಜನಸಾಮಾನ್ಯರಿಗೆ ಇದು ತಲೆನೋವಾದದ್ದು ಮಾತ್ರ ಗಡಿಯಾರಗಳು ಸುಧಾರಿಸಿದ ಮೇಲೆ. 17ನೇ ಶತಮಾನದ ನಡುವಿನಲ್ಲಿ ಕ್ರಿಸ್ಟಿಯಾನ್ ಹೈಗನ್ಸ್ ಲೋಲಕದ ಗಡಿಯಾರ ಮಾಡುವ ತನಕ ಯಂತ್ರಗಳ ತಪ್ಪೇ ದಿನಕ್ಕೆ ಹಲವು ನಿಮಿಷ ಇರುತ್ತಿತ್ತು, ಸೂರ್ಯನ ಏರುಪೇರು ಅದರಲ್ಲಿ ಮುಳುಗಿಹೋಗುತ್ತಿತ್ತು. ಲೋಲಕ ಬಂದ ಮೇಲೆ ಯಂತ್ರ ಸರಿ, ಸೂರ್ಯನೇ ತಪ್ಪು ಎಂಬಂತಾಯಿತು. ಆದರೂ ಊರುಗಳು ಇನ್ನೂ ನೂರೈವತ್ತು ವರ್ಷ ಹತ್ತಿರ ಹತ್ತಿರ ಸೂರ್ಯನನ್ನೇ ನೆಚ್ಚಿಕೊಂಡವು. ಮಧ್ಯಾಹ್ನ ನೆರಳು ನೋಡಿ ಗೋಪುರದ ಗಡಿಯಾರವನ್ನು ದಿನವೂ ತಿರುಗಿಸಿ ಸರಿಮಾಡುವುದು ರೂಢಿಯಾಗಿತ್ತು. ಪ್ಯಾರಿಸ್ ನಗರ ಮಧ್ಯಮ ಕಾಲಕ್ಕೆ ಬದಲಾದದ್ದು 1816ರಲ್ಲಿ. ಆ ಆಜ್ಞೆಗೆ ಸಹಿ ಹಾಕಲು ಅಲ್ಲಿನ ಆಡಳಿತಾಧಿಕಾರಿ ಶಾಬ್ರೊಲ್ ಹಿಂಜರಿದನೆಂದು ಖಗೋಳ ವಿಜ್ಞಾನಿ ಅರಾಗೊ ಬರೆದಿಟ್ಟಿದ್ದಾನೆ. ಹಗಲಿನ ನಡುವೆ ಬಾರದ ಮಧ್ಯಾಹ್ನವನ್ನು ಕೂಲಿಕಾರರು ಒಪ್ಪಲಾರರು, ದಂಗೆ ಎದ್ದಾರು ಎಂಬುದು ಅವನ ಭಯ. ವಿಜ್ಞಾನಿಗಳಿಂದ ವರದಿ ತರಿಸಿಕೊಂಡ ಮೇಲೆಯೇ ಅವನು ಸಹಿ ಹಾಕಿದ್ದು. ದಂಗೆ ಇರಲಿ, ಬದಲಾವಣೆ ಆದದ್ದೇ ಯಾರ ಗಮನಕ್ಕೂ ಬರಲಿಲ್ಲ.

ಗಮನಕ್ಕೆ ಬಾರದಿದ್ದರೂ ಅದರ ಪರಿಣಾಮದೊಳಗೇ ಎಲ್ಲರೂ ಬದುಕುತ್ತಿರುವುದು. ಡಿಸೆಂಬರ್ 21 ಅತಿ ಗಿಡ್ಡ ಹಗಲಿನ ದಿನ, ಹಾಗಾಗಿ ಅಂದು ಸೂರ್ಯ ಅತಿ ತಡವಾಗಿ ಹುಟ್ಟಿ ಅತಿ ಬೇಗ ಮುಳುಗುತ್ತಾನೆ ಎಂದು ಯಾರಾದರೂ ಅಂದುಕೊಂಡಾರು. ಬೆಂಗಳೂರಿನ ಪಂಚಾಂಗ ತೆರೆದರೆ ಹಾಗಿಲ್ಲ. ಅತಿ ಬೇಗ ಕತ್ತಲಾಗುವುದು ನವೆಂಬರ್ 20ರ ಆಸುಪಾಸಿನಲ್ಲಿ, ಸಂಜೆ 5 ಗಂಟೆ 50 ನಿಮಿಷಕ್ಕೆ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯಾಸ್ತ ಆಗಲೇ ಎಂಟೊಂಬತ್ತು ನಿಮಿಷ ಮುಂದೆ ಹೋಗಿರುತ್ತದೆ. ಅತಿ ತಡವಾದ ಸೂರ್ಯೋದಯವಾದರೋ ಜನವರಿಯ ಕೊನೆಯ ವಾರದಲ್ಲಿ, 6 ಗಂಟೆ 46 ನಿಮಿಷಕ್ಕೆ. ಸಂಕ್ರಾಂತಿ ಮುಗಿದು ಎಳ್ಳು ಬೆಲ್ಲ ಖಾಲಿಯಾದರೂ ಬೆಳಗಿನ ಶಾಲೆಯ ಮಕ್ಕಳಿಗೆ ಕತ್ತಲು ಹರಿಯದೇ ಇರುವುದು ಇದರಿಂದ. ನವೆಂಬರಿನಿಂದ ಫೆಬ್ರುವರಿಯ ತನಕ ಹಗಲು ಇಡಿಯಾಗಿ, ಬೆಳಗು ಸಂಜೆ ಎರಡೂ ತುದಿಗಳ ಸಮೇತ, ಗಡಿಯಾರದಲ್ಲಿ ಮುಂದಕ್ಕೆ ಸರಿಯುತ್ತಿರುತ್ತದೆ. ನಮ್ಮ ಅಕ್ಷಾಂಶದಲ್ಲಿ ಚಳಿಗಾಲದ ಹಗಲು ಗಿಡ್ಡವಾಗುವುದು ತೀರ ಅಲ್ಪ, ಹನ್ನೆರಡು ಗಂಟೆಗಿಂತ ನಲವತ್ತು ನಿಮಿಷ ಕಡಿಮೆಯಾದರೆ ಹೆಚ್ಚು. ಆದ್ದರಿಂದ ಈ ಸರಿತವೇ ಎದ್ದು ಕಾಣುತ್ತದೆ. ಲಂಡನ್ನಿನಲ್ಲಿ ಹಗಲೇ ಎಂಟು ಗಂಟೆಗೆ ಇಳಿಯುವುದರಿಂದ ಸರಿತ ಅದರ ಮರೆಯಲ್ಲಿ ಅಡಗಿ, ಬೇಗನೆ ಕತ್ತಲಾಗುವ ದಿನ ಡಿಸೆಂಬರ್ ಎರಡನೇ ವಾರಕ್ಕೆ ಬೀಳುತ್ತದೆ.

ಮಸೀದಿಗಳಲ್ಲಿ ಗೋಡೆಗೆ ತೂಗುಹಾಕಿರುವ ನಮಾಜಿನ ವೇಳಾಪಟ್ಟಿಯಲ್ಲಿ ಕಾಲ ಸಮೀಕರಣ ಅಚ್ಚಾಗಿಯೇ ಇದೆ. ಜುಹರ್ ನಮಾಜಿನ ಹೊತ್ತು ಆರಂಭವಾಗುವುದು ಸೂರ್ಯ ಮಧ್ಯಾಹ್ನ ರೇಖೆ ದಾಟಿದ ಕೂಡಲೇ. ಬೆಂಗಳೂರಿನ ಪಟ್ಟಿಯಲ್ಲಿ ಆ ಕಾಲಂ ನವೆಂಬರ್ ಮೊದಲಲ್ಲಿ 12 ಗಂಟೆ ದಾಟಿ ಕೆಲವೇ ನಿಮಿಷಕ್ಕೆ ಇದ್ದದ್ದು ಫೆಬ್ರುವರಿಗೆ ಹನ್ನೆರಡೂವರೆಯನ್ನು ದಾಟಿ, ಮೇ ತಿಂಗಳಲ್ಲಿ ಮತ್ತೆ ಹಿಂದೆ ಬಂದು, ಜುಲೈ ಕೊನೆಗೆ ತುಸು ಮುಂದೆ ಹೋಗುತ್ತದೆ. ಪಂಚಾಂಗದ ಅಭಿಜಿತ್ ಮುಹೂರ್ತಕ್ಕೂ ಅದೇ ಆಧಾರ, ನಿಜ ಮಧ್ಯಾಹ್ನದ ಎರಡೂ ಬದಿಗೆ ಸುಮಾರು ಅರ್ಧರ್ಧ ಮುಹೂರ್ತ. ‘ಹನ್ನೆರಡಕ್ಕೆ ಇಪ್ಪತ್ತನಾಲ್ಕು ನಿಮಿಷ ಹಿಂದೆ, ಇಪ್ಪತ್ತನಾಲ್ಕು ನಿಮಿಷ ಮುಂದೆ’ ಎಂದು ಬಾಯಿಪಾಠ ಮಾಡಿಕೊಂಡವರು ಫೆಬ್ರುವರಿಯ ಕಾರವಾರದಲ್ಲಿ ಕೆಟ್ಟರು. ಅಲ್ಲಿ ಆಗ ಮಧ್ಯಾಹ್ನ ಆಗುವುದೇ 12 ಗಂಟೆ 48 ನಿಮಿಷಕ್ಕೆ. ಅವರ ಮುಹೂರ್ತ ಮುಗಿದ ಹೊತ್ತಿಗೆ ನಿಜವಾದದ್ದು ಶುರುವಾಗುತ್ತಿರುತ್ತದೆ.

ಕರ್ನಾಟಕದಲ್ಲಿ ಗಡಿಯಾರದ ಹನ್ನೆರಡಕ್ಕೂ ಸೂರ್ಯನ ಹನ್ನೆರಡಕ್ಕೂ ತಾಳ ಕೂಡುವ ಊರೇ ಇಲ್ಲವೇ? ಬೆಂಗಳೂರಿನಲ್ಲಂತೂ ವರ್ಷದ ಒಂದು ದಿನವೂ ಇಲ್ಲ. ಕೋಲಾರ ದಾಟಿ ಆಂಧ್ರದ ಗಡಿಯ ಕಡೆಗೆ ಹೋದರೆ ಸಿಗುವ ಮುಳಬಾಗಿಲು 78.4 ಡಿಗ್ರಿಯಲ್ಲಿದೆ. ಮಿರ್ಜಾಪುರದ ರೇಖೆಯಿಂದ 4.1 ಡಿಗ್ರಿ, ಅಂದರೆ 16.4 ನಿಮಿಷ. ನವೆಂಬರ್ 3ರಂದು ಸೂರ್ಯ ಬೇಗ ಬರುವುದೂ ಹೆಚ್ಚುಕಡಿಮೆ ಅಷ್ಟೇ ನಿಮಿಷ. ಅಲ್ಲಿಗೆ ನವೆಂಬರ್ ಮೊದಲ ವಾರದ ಕೆಲವು ದಿನ ಮುಳಬಾಗಿಲಿನಲ್ಲಿ 12 ಗಂಟೆ ಹೊಡೆದಾಗ ಸೂರ್ಯ ಸರಿಯಾಗಿ ಮಧ್ಯಾಹ್ನ ರೇಖೆಯ ಮೇಲಿರುತ್ತಾನೆ, ಕೆಲವು ಸೆಕೆಂಡ್ ಆಚೀಚೆ.

ಇದನ್ನೆಲ್ಲ ಮನೆಯ ತಾರಸಿಯ ಮೇಲೆ ನೋಡಬಹುದು. ಒಂದು ಮೀಟರಿನ ನೆಟ್ಟನೆಯ ಕೋಲು ಬೇಕು, ಅದನ್ನು ಮಟ್ಟದ ನೆಲದ ಮೇಲೆ ತೂಗುಗುಂಡು ಹಿಡಿದು ಲಂಬವಾಗಿ ನಿಲ್ಲಿಸಬೇಕು. ದಿನವೂ 12 ಗಂಟೆ 20 ನಿಮಿಷಕ್ಕೆ ಸರಿಯಾಗಿ ನೆರಳಿನ ತುದಿಗೆ ಗುರುತು ಹಾಕುತ್ತ ಹೋದರೆ ವರ್ಷದ ಕೊನೆಗೆ ನೆಲದ ಮೇಲೆ ಉದ್ದನೆಯ ಎಂಟರ ಆಕಾರ ಮೂಡುತ್ತದೆ. ನವೆಂಬರ್ 3ರ ಮತ್ತು ಫೆಬ್ರುವರಿ 11ರ ಗುರುತುಗಳನ್ನು ಹೋಲಿಸಿದರೆ ಸಂಗತಿ ಬಯಲಾಗುತ್ತದೆ. ಆ ಎರಡು ದಿನವೂ ಸೂರ್ಯನ ಎತ್ತರ ಹೆಚ್ಚುಕಡಿಮೆ ಒಂದೇ, ಎರಡೂ ಗುರುತುಗಳು ಕೋಲಿನಿಂದ ಉತ್ತರಕ್ಕೆ ಅರ್ಧ ಮೀಟರಿಗೆ ಸ್ವಲ್ಪ ಹೆಚ್ಚು ದೂರದಲ್ಲಿ ಬೀಳುತ್ತವೆ. ಆದರೆ ನವೆಂಬರಿನದು ಉತ್ತರದ ಗೆರೆಯಿಂದ ಎಂಟು ಸೆಂಟಿಮೀಟರ್ ಪೂರ್ವಕ್ಕೆ, ಏಕೆಂದರೆ ಸೂರ್ಯ ಆಗಲೇ ಗೆರೆ ದಾಟಿ ಹೋಗಿದ್ದಾನೆ. ಫೆಬ್ರುವರಿಯದು ಆರೂವರೆ ಸೆಂಟಿಮೀಟರ್ ಪಶ್ಚಿಮಕ್ಕೆ, ಸೂರ್ಯ ಇನ್ನೂ ಬಂದಿಲ್ಲ.

ವರ್ಷ ಕಾಯಲಾಗದವರು ಒಂದೇ ದಿನದಲ್ಲಿ ನಿಜ ಮಧ್ಯಾಹ್ನವನ್ನು ಅಳೆಯಬಹುದು. ನೆರಳು ಅತಿ ಚಿಕ್ಕದಾಗುವ ಕ್ಷಣವನ್ನು ಹಿಡಿಯುತ್ತೇನೆಂದು ಕೂತರೆ ಕೆಲಸ ಕೆಡುತ್ತದೆ. ಮಧ್ಯಾಹ್ನದ ಆಚೀಚೆ ಹತ್ತು ನಿಮಿಷ ನೆರಳಿನ ಉದ್ದ ಬದಲಾಗುವುದೇ ತೀರ ಕಡಿಮೆ, ಅದೂ ಅಲ್ಲದೆ ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದ್ದರಿಂದ ನೆರಳಿನ ತುದಿ ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಶುಲ್ಬಸೂತ್ರಗಳ ಕಾಲದಿಂದ ಬಂದಿರುವ ಶಂಕುವಿನ ವಿಧಾನ ಇದಕ್ಕಿಂತ ಜಾಣತನದ್ದು. ಕೋಲಿನ ಬುಡವನ್ನು ಕೇಂದ್ರವಾಗಿಟ್ಟು ನೆಲದ ಮೇಲೆ ಒಂದು ವೃತ್ತ ಬರೆಯಬೇಕು. ಬೆಳಗ್ಗೆ ಕುಗ್ಗುತ್ತ ಬರುವ ನೆರಳಿನ ತುದಿ ವೃತ್ತದೊಳಕ್ಕೆ ಕಾಲಿಡುವ ಸಮಯವನ್ನೂ, ಮಧ್ಯಾಹ್ನದ ಮೇಲೆ ಬೆಳೆಯುತ್ತ ಹೊರಗೆ ಹೋಗುವ ಸಮಯವನ್ನೂ ಬರೆದುಕೊಳ್ಳಬೇಕು. ಎರಡರ ನಡುವಿನ ಸಮಯವೇ ನಿಜ ಮಧ್ಯಾಹ್ನ. ಎರಡು ಗುರುತುಗಳನ್ನು ಕೂಡಿಸುವ ಗೆರೆ ಪೂರ್ವ ಪಶ್ಚಿಮ. ನವೆಂಬರ್ 20ರಂದು ಬೆಂಗಳೂರಿನಲ್ಲಿ 82 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆದರೆ ಒಂದು ಮೀಟರ್ ಕೋಲಿನ ನೆರಳು 10 ಗಂಟೆ 35 ನಿಮಿಷಕ್ಕೆ ಒಳಗೆ ಬಂದು 1 ಗಂಟೆ 35 ನಿಮಿಷಕ್ಕೆ ಹೊರಗೆ ಹೋಗುತ್ತದೆ. ಸರಿ ನಡುವಿಗೆ 12 ಗಂಟೆ 5 ನಿಮಿಷ. ತುದಿ ಎಷ್ಟೇ ಮಸುಕಾಗಿರಲಿ, ಎರಡೂ ಸಲ ಒಂದೇ ರೀತಿ ನೋಡಿದರೆ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಕೋಲು ಪೂರ್ವಕ್ಕೋ ಪಶ್ಚಿಮಕ್ಕೋ ವಾಲಿದ್ದರೆ ಮಾತ್ರ ಆ ತಪ್ಪು ಹಾಗೇ ಉಳಿಯುತ್ತದೆ. ಅನುಮಾನ ಬಂದರೆ ಇನ್ನೆರಡು ವೃತ್ತ ಬರೆದು ನೋಡಬೇಕು. ಮೂರರ ನಡುಸಮಯವೂ ಒಂದೇ ಬಂದರೆ ಕೋಲು ನೆಟ್ಟಗಿದೆ ಎಂದರ್ಥ.

ಈ ಲೆಕ್ಕವನ್ನು ತಿರುಗಿಸಿದರೆ ಊರಿನ ರೇಖಾಂಶವೂ ಸಿಗುತ್ತದೆ. ಅದೇ ನವೆಂಬರ್ 20ರಂದು ಕಾರವಾರದಲ್ಲಿ ಒಬ್ಬರು ವೃತ್ತ ಬರೆದು ನಿಜ ಮಧ್ಯಾಹ್ನ 12 ಗಂಟೆ 19 ನಿಮಿಷಕ್ಕೆ ಎಂದು ಕಂಡುಕೊಂಡರು ಎನ್ನೋಣ. ಅಂದು ಸೂರ್ಯ 14.4 ನಿಮಿಷ ಬೇಗ, ಅದನ್ನು ಕೂಡಿಸಿದರೆ 33.4 ನಿಮಿಷ. ನಾಲ್ಕರಿಂದ ಭಾಗಿಸಿದರೆ 8.35 ಡಿಗ್ರಿ. 82.5ರಿಂದ ಕಳೆದರೆ 74.15 ಡಿಗ್ರಿ ಪೂರ್ವ, ನಕಾಶೆಯಲ್ಲಿ ಕಾರವಾರ ಇರುವುದೂ ಅಲ್ಲಿಯೇ. ಸಮಯದಲ್ಲಿ ಒಂದು ನಿಮಿಷ ತಪ್ಪಿದರೆ ರೇಖಾಂಶದಲ್ಲಿ ಕಾಲು ಡಿಗ್ರಿ ತಪ್ಪುತ್ತದೆ, ನೆಲದ ಮೇಲೆ ಅದು ಸುಮಾರು 27 ಕಿಲೋಮೀಟರ್. 12 ಗಂಟೆ 20 ನಿಮಿಷ ಎಂದು ಬರೆದುಕೊಂಡವರು ತಮ್ಮ ಮನೆ ಅರಬ್ಬೀ ಸಮುದ್ರದ ನಡುವೆ ಇದೆ ಎಂಬ ಉತ್ತರಕ್ಕೆ ಬರುತ್ತಾರೆ.